ಬಡ್ಡಿಯ ಮೇಲಿನ ಬಡ್ಡಿ ಎಲ್ಲಿ ಹೋಗಿ ನಿಲ್ಲುತ್ತದೆ?

ಬೆಳಿಗ್ಗೆ ಹತ್ತೂವರೆಗೆ ಯಾವುದಾದರೂ ಬ್ಯಾಂಕಿನ ಠೇವಣಿ ಕೌಂಟರಿನ ಹತ್ತಿರ ನಿಂತು ನೋಡಿ. ನಿವೃತ್ತಿಯ ಹಣ ಇಡಲು ಬಂದ ಮೇಷ್ಟ್ರು, ಮಗಳ ಓದಿಗೆಂದು ಕೂಡಿಟ್ಟದ್ದನ್ನು ಎಫ್‌ಡಿ ಮಾಡಿಸಲು ಬಂದ ದಂಪತಿ, ಅಡಿಕೆ ಮಾರಿದ ದುಡ್ಡು ತಂದ ರೈತ, ಎಲ್ಲರ ಮೊದಲ ಪ್ರಶ್ನೆ ಒಂದೇ: ಬಡ್ಡಿ ಎಷ್ಟು? ಎರಡನೆಯ ಪ್ರಶ್ನೆ ಕೇಳುವವರು ಕಡಿಮೆ. ಬಂದ ಬಡ್ಡಿಯನ್ನು ಅಸಲಿಗೆ ಸೇರಿಸುವುದು ವರ್ಷಕ್ಕೆ ಎಷ್ಟು ಸಲ?

ಲೆಕ್ಕ ಹಾಕೋಣ. ಒಂದು ಲಕ್ಷ ರೂಪಾಯಿ, ಶೇಕಡ 8ರ ಬಡ್ಡಿ, ಒಂದು ವರ್ಷ. ವರ್ಷದ ಕೊನೆಗೆ ಒಂದೇ ಸಲ ಬಡ್ಡಿ ಸೇರಿಸಿದರೆ 1,08,000 ರೂಪಾಯಿ. ಮೂರು ತಿಂಗಳಿಗೊಮ್ಮೆ ಸೇರಿಸಿದರೆ 1,08,243 ರೂಪಾಯಿ 22 ಪೈಸೆ. ತಿಂಗಳಿಗೊಮ್ಮೆ ಸೇರಿಸಿದರೆ 1,08,299 ರೂಪಾಯಿ 95 ಪೈಸೆ. ದಿನಾ ಸೇರಿಸಿದರೆ 1,08,327 ರೂಪಾಯಿ 76 ಪೈಸೆ. ಹೆಚ್ಚು ಸಲ ಸೇರಿಸಿದಷ್ಟೂ ಹಣ ಹೆಚ್ಚುತ್ತದೆ, ನಿಜ. ಆದರೆ ಹೆಚ್ಚುವ ಮೊತ್ತ ಸಣ್ಣದಾಗುತ್ತಾ ಬರುತ್ತದೆ. ಗಂಟೆಗೊಮ್ಮೆ, ಕ್ಷಣಕ್ಕೊಮ್ಮೆ ಸೇರಿಸಿದರೆ? ಆಗಲೂ 1,08,328 ರೂಪಾಯಿ 71 ಪೈಸೆಯನ್ನು ದಾಟಲು ಆಗುವುದಿಲ್ಲ.

ಬಡ್ಡಿ ದರವನ್ನು x ಎಂದೂ ವರ್ಷದ ಕಂತುಗಳನ್ನು n ಎಂದೂ ಇಟ್ಟುಕೊಂಡರೆ, ಒಂದು ರೂಪಾಯಿ ವರ್ಷದ ಕೊನೆಗೆ ಆಗುವುದು (1 + x/n)^n. n ಹೆಚ್ಚುತ್ತಾ ಹೋದಂತೆ ಇದು e^x ಎಂಬ ಬೆಲೆಯನ್ನು ಸಮೀಪಿಸುತ್ತದೆ. ಇಲ್ಲಿ e ಅಂದರೆ 2.71828 ಎಂದು ಶುರುವಾಗುವ ಸಂಖ್ಯೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಇದು ಅರ್ಧ ನೆನಪಿರುತ್ತದೆ. ಯಾಕೆ ಹೀಗೆ ಎಂಬ ಸಾಧನೆ ಬಹುಪಾಲು ಜನರಿಗೆ ಸಿಕ್ಕಿರುವುದಿಲ್ಲ. ಸಿಕ್ಕಿದ್ದರೂ ಅದರಲ್ಲಿ ಒಂದು ಮೆಟ್ಟಿಲು ತಪ್ಪಿರುವ ಸಾಧ್ಯತೆ ಹೆಚ್ಚು. ಆ ಮೆಟ್ಟಿಲು ಯಾವುದು, ಅದನ್ನು ಕಟ್ಟುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಬಾಸೆಲ್‌ನ ಪ್ರಶ್ನೆ

ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಜೇಕಬ್ ಬರ್ನೂಲಿ 1690ರಲ್ಲಿ ಈ ಬಡ್ಡಿಯ ಪ್ರಶ್ನೆಯನ್ನೇ ಅಚ್ಚಿನಲ್ಲಿ ಚರ್ಚಿಸಿದ. ಸಾಲದ ಬಡ್ಡಿ ಕ್ಷಣಕ್ಷಣಕ್ಕೂ ಅಸಲಿಗೆ ಸೇರುತ್ತಾ ಹೋದರೆ ವರ್ಷದ ಕೊನೆಗೆ ತೀರಿಸಬೇಕಾದದ್ದು ಎಷ್ಟು? ಬಡ್ಡಿ ಅಸಲಿನಷ್ಟೇ ಇದ್ದಾಗ, ಅಂದರೆ x = 1 ಆದಾಗ, ಉತ್ತರ ಅಸಲಿನ ಎರಡೂವರೆ ಪಟ್ಟಿಗಿಂತ ಹೆಚ್ಚು, ಮೂರು ಪಟ್ಟಿಗಿಂತ ಕಡಿಮೆ ಎಂದು ಅವನು ತೋರಿಸಿದ.

ಆ ಸಂಖ್ಯೆಗೆ e ಎಂಬ ಅಕ್ಷರ ಕೊಟ್ಟವನು ಅದೇ ಊರಿನಲ್ಲಿ ಹುಟ್ಟಿದ ಲಿಯೊನಾರ್ಡ್ ಆಯ್ಲರ್. 1748ರಲ್ಲಿ ಹೊರಬಂದ ಅವನ ದೊಡ್ಡ ಗ್ರಂಥದಲ್ಲಿ e ಸಂಖ್ಯೆಯ 23 ದಶಮಾಂಶ ಸ್ಥಾನಗಳಿವೆ. (1 + x/n)^n ಅನ್ನು ಬಿಡಿಸಿ ನೋಡುವ ದಾರಿಯೂ ಅದರಲ್ಲಿದೆ. ಇವತ್ತಿಗೂ ತರಗತಿಗಳಲ್ಲಿ ಹೇಳುವುದು ಬಹುಮಟ್ಟಿಗೆ ಅದೇ ದಾರಿ.

ಉತ್ತರ ಒಂದೇ ಅಲ್ಲವೆ?

ಮೊದಲ ಸಲ ಈ ರಾಶಿಯನ್ನು ನೋಡಿದವರಿಗೆ ಒಂದು ಅನುಮಾನ ಬರುವುದು ಸಹಜ. n ತುಂಬ ದೊಡ್ಡದಾದಾಗ x/n ಸೊನ್ನೆಯ ಹತ್ತಿರ ಬರುತ್ತದೆ. ಆವರಣದೊಳಗೆ ಉಳಿಯುವುದು 1. ಒಂದನ್ನು ಎಷ್ಟು ಸಲ ಗುಣಿಸಿದರೂ ಒಂದೇ. ಹಾಗಾದರೆ ಮಿತಿ 1 ಆಗಬೇಕಲ್ಲ?

ಇಲ್ಲಿನ ತಪ್ಪು ಏನೆಂದರೆ, ಒಳಗಿನ n ಅನ್ನು ಮೊದಲು ಓಡಿಸಿ, ಮೇಲಿನ n ಅನ್ನು ಕಾಯಿಸಿದ್ದು. ಎರಡೂ ಒಂದೇ n. ಆವರಣದೊಳಗಿನದು 1ಕ್ಕೆ ಎಷ್ಟು ಬೇಗ ಹತ್ತಿರವಾಗುತ್ತದೋ ಅಷ್ಟೇ ಬೇಗ ಗುಣಾಕಾರಗಳ ಸಂಖ್ಯೆಯೂ ಏರುತ್ತದೆ. ಒಂದು ಕಡೆ ಕಳೆದುಕೊಂಡದ್ದನ್ನು ಇನ್ನೊಂದು ಕಡೆ ಗಳಿಸುವ ಈ ಸ್ಪರ್ಧೆಯಲ್ಲಿ ಯಾರು ಗೆಲ್ಲುತ್ತಾರೆ ಎಂಬುದನ್ನು ಲೆಕ್ಕವೇ ಹೇಳಬೇಕು.

ಬಿಡಿಸಿ ನೋಡುವುದು

ದ್ವಿಪದ ಪ್ರಮೇಯ ನಮ್ಮ ಕೈಯಲ್ಲಿರುವ ಸಾಧನ. n = 4, x = 1 ಇಟ್ಟುಕೊಂಡು ಬಿಡಿಸಿದರೆ ಐದು ಪದಗಳು ಬರುತ್ತವೆ:

1 + 1 + 0.375 + 0.0625 + 0.00390625 = 2.44140625

ಮೂರನೆಯ ಪದ 0.375 ಎಲ್ಲಿಂದ ಬಂತು? ಅದು 1/2 ಗುಣಿಸು 3/4. ನಾಲ್ಕನೆಯದು 1/6 ಗುಣಿಸು 3/4 ಗುಣಿಸು 2/4. ಐದನೆಯದು 1/24 ಗುಣಿಸು 3/4 ಗುಣಿಸು 2/4 ಗುಣಿಸು 1/4. ಈ 2, 6, 24 ಎಂಬ ಛೇದಗಳು 2!, 3!, 4! ಎಂಬ ಫ್ಯಾಕ್ಟೋರಿಯಲ್‌ಗಳು. k! ಅಂದರೆ 1ರಿಂದ kವರೆಗಿನ ಎಲ್ಲ ಸಂಖ್ಯೆಗಳ ಗುಣಲಬ್ಧ.

ಯಾವ n ಮತ್ತು x ತೆಗೆದುಕೊಂಡರೂ ವಿನ್ಯಾಸ ಇದೇ. x^k ಇರುವ ಪದ ಹೀಗಿರುತ್ತದೆ:

(x^k / k!) × (1 − 1/n)(1 − 2/n) … (1 − (k−1)/n)

ಎಡಗಡೆಯ ತುಂಡಿನಲ್ಲಿ n ಇಲ್ಲವೇ ಇಲ್ಲ. n ಇರುವುದೆಲ್ಲ ಬಲಗಡೆಯ ಗುಣಲಬ್ಧದಲ್ಲಿ. ಅದನ್ನು p ಎಂದು ಕರೆಯೋಣ. p ಯಾವಾಗಲೂ ಸೊನ್ನೆ ಮತ್ತು ಒಂದರ ನಡುವೆಯೇ ಇರುತ್ತದೆ. k ಅನ್ನು ಒಂದು ಕಡೆ ನಿಲ್ಲಿಸಿ n ಅನ್ನು ಹೆಚ್ಚಿಸಿದರೆ ಪ್ರತಿ ಆವರಣವೂ 1ಕ್ಕೆ ಹೋಗುತ್ತದೆ, ಹಾಗಾಗಿ p ಕೂಡ 1ಕ್ಕೆ ಹೋಗುತ್ತದೆ. ಪದ x^k/k! ಆಗುತ್ತದೆ. ಎಲ್ಲವನ್ನೂ ಕೂಡಿದರೆ

1 + x + x²/2! + x³/3! + …

ಇದೇ e^x. ಸಾಧನೆ ಮುಗಿಯಿತು ಎಂದು ಇಲ್ಲಿಗೆ ಪುಸ್ತಕ ಮುಚ್ಚುವವರು ತುಂಬ ಜನ. ಆಯ್ಲರ್ ಕೂಡ n ಅನ್ನು ಅನಂತ ದೊಡ್ಡ ಸಂಖ್ಯೆಯೆಂದು ಹಿಡಿದು, ಅದರಿಂದ ಒಂದು ಕಳೆದರೂ ಭಾಗಲಬ್ಧ 1 ಎಂದೇ ತೆಗೆದುಕೊಂಡು ಮುಂದೆ ನಡೆದ. ಅವನ ಉತ್ತರ ಸರಿ. ಆದರೆ ದಾರಿಯಲ್ಲಿ ಒಂದು ಕಂದಕವಿದೆ.

ಕಂದಕ ಎಲ್ಲಿದೆ

ಪ್ರತಿಯೊಂದು ಪದವೂ ತನ್ನ ಮಿತಿಗೆ ಹೋಗುತ್ತದೆ ಎಂದ ಮಾತ್ರಕ್ಕೆ ಅವುಗಳ ಮೊತ್ತವೂ ಮಿತಿಗಳ ಮೊತ್ತಕ್ಕೆ ಹೋಗಬೇಕಾಗಿಲ್ಲ. ಪದಗಳ ಸಂಖ್ಯೆ ನಿಂತಿದ್ದರೆ ಹೋಗುತ್ತದೆ. ಇಲ್ಲಿ n ಏರಿದಂತೆ ಪದಗಳ ಸಂಖ್ಯೆಯೂ ಏರುತ್ತಿದೆ.

ಒಂದು ರೂಪಾಯಿಯನ್ನು n ಜನಕ್ಕೆ ಸಮನಾಗಿ ಹಂಚಿ. ಒಬ್ಬೊಬ್ಬರ ಪಾಲು 1/n. ಜನ ಹೆಚ್ಚಿದಷ್ಟೂ ಪ್ರತಿಯೊಬ್ಬರ ಪಾಲೂ ಸೊನ್ನೆಗೆ ಹೋಗುತ್ತದೆ. ಪದಪದವಾಗಿ ಮಿತಿ ತೆಗೆದು ಕೂಡಿದರೆ ಮೊತ್ತ ಸೊನ್ನೆ. ಆದರೆ ಹಂಚಿದ ಒಟ್ಟು ಹಣ ಮೊದಲಿಂದ ಕೊನೆಯವರೆಗೆ ಒಂದು ರೂಪಾಯಿಯೇ. ಆ ರೂಪಾಯಿ ಎಲ್ಲಿಗೂ ಹೋಗಿಲ್ಲ, ದೂರದೂರದ ಪದಗಳಿಗೆ ಜಾರಿಕೊಂಡಿದೆ ಅಷ್ಟೆ.

ನಮ್ಮ ಮೊತ್ತದಲ್ಲಿ ಇಂಥ ಸೋರಿಕೆ ಇಲ್ಲ ಎಂದು ಯಾರು ಹೇಳಿದರು? p ಅನ್ನೇ ನೋಡಿ. k ಚಿಕ್ಕದಿದ್ದಾಗ ಅದು 1ರ ಹತ್ತಿರ ಇರುತ್ತದೆ, ಸರಿ. ಆದರೆ n = 4 ಇದ್ದಾಗ ಕೊನೆಯ ಪದದ p ಕೇವಲ 0.09375. n ಎಷ್ಟೇ ದೊಡ್ಡದಾಗಲಿ, ಮೊತ್ತದ ಕೊನೆಯ ತುದಿಯಲ್ಲಿ p ಸೊನ್ನೆಯ ಬಳಿಯೇ ಬಿದ್ದಿರುತ್ತದೆ. ಎಲ್ಲ p ಗಳೂ ಒಟ್ಟಿಗೆ 1ಕ್ಕೆ ಹೋಗುವ ಕಾಲ ಬರುವುದೇ ಇಲ್ಲ. ಆದ್ದರಿಂದ ತುದಿಯ ಪದಗಳು ಒಟ್ಟು ಮೊತ್ತವನ್ನು ಕೆಡಿಸಲಾರವು ಎಂದು ತೋರಿಸದ ಹೊರತು ಸಾಧನೆ ಪೂರ್ಣವಾಗುವುದಿಲ್ಲ.

ಇಂಥ ಜಾಗಗಳನ್ನು ಗುರುತಿಸಿ, ಮಿತಿ ಎಂದರೇನು, ಅನಂತ ಶ್ರೇಣಿಗೆ ಮೊತ್ತ ಇದೆ ಎಂದರೆ ಏನರ್ಥ ಎಂದು ಕಟ್ಟುನಿಟ್ಟಾಗಿ ಹೇಳುವ ಕೆಲಸ ಹತ್ತೊಂಬತ್ತನೆಯ ಶತಮಾನದ್ದು. ಪ್ಯಾರಿಸಿನ ಕೋಶಿ 1821ರಲ್ಲಿ ತನ್ನ ಪಠ್ಯಪುಸ್ತಕದಲ್ಲಿ ಅದಕ್ಕೆ ಬುನಾದಿ ಹಾಕಿದ. ಪದಪದವಾಗಿ ಮಿತಿ ತೆಗೆಯಲು ಯಾವಾಗ ಅನುಮತಿ ಉಂಟು ಎಂಬುದಕ್ಕೆ ಒಂದು ಸೊಗಸಾದ ನಿಯಮ ಫ್ರಾನ್ಸಿನ ಜೂಲ್ ಟ್ಯಾನರಿಯ ಹೆಸರಿನಲ್ಲಿದೆ. ಆ ನಿಯಮದಿಂದಲೂ ನಮ್ಮ ಕಂದಕ ಮುಚ್ಚುತ್ತದೆ. ಆದರೆ ಇನ್ನೂ ನೇರವಾದ ದಾರಿಯೊಂದಿದೆ. ನನಗೆ ಅದೇ ಹೆಚ್ಚು ಇಷ್ಟ, ಏಕೆಂದರೆ ಅದು ಮಿತಿ ಇದೆ ಎನ್ನುವುದರ ಜೊತೆಗೆ ಎಷ್ಟು ದೂರದಲ್ಲಿದ್ದೇವೆ ಎಂಬುದನ್ನೂ ಹೇಳುತ್ತದೆ.

ಮೊದಲು ನೆಲ ಗಟ್ಟಿ ಮಾಡಿಕೊಳ್ಳೋಣ

ಸಾಧನೆಗೆ ಮುಂಚೆ e^x ಅಂದರೆ ನಾವು ಏನನ್ನು ಹೇಳುತ್ತಿದ್ದೇವೆ ಎಂಬುದು ಖಚಿತವಾಗಬೇಕು. ಇಲ್ಲಿ ಮೇಲಿನ ಶ್ರೇಣಿಯ ಮೊತ್ತವನ್ನೇ e^x ಎಂದು ಹಿಡಿಯೋಣ. ಆ ಮೊತ್ತ ನಿಜಕ್ಕೂ ಇದೆಯೆ? ಇದೆ. ಒಂದು ಪದದಿಂದ ಮುಂದಿನ ಪದಕ್ಕೆ ಹೋಗುವಾಗ x/(k+1)ರಿಂದ ಗುಣಿಸುತ್ತೇವೆ. ಚಿಹ್ನೆ ಬಿಟ್ಟು ನೋಡಿದರೆ, k ಒಮ್ಮೆ xನ ಎರಡರಷ್ಟನ್ನು ದಾಟಿತೆಂದರೆ ಪ್ರತಿ ಪದವೂ ಹಿಂದಿನದರ ಅರ್ಧಕ್ಕಿಂತ ಚಿಕ್ಕದು. ಅರ್ಧ, ಕಾಲು, ಅರೆಕಾಲು ಎಂದು ಕೂಡುತ್ತಾ ಹೋದರೆ ಒಂದನ್ನು ಮೀರಲು ಆಗದು. ಹಾಗಾಗಿ x ಯಾವುದೇ ಇರಲಿ, ಶ್ರೇಣಿ ಒಂದು ಸೀಮಿತ ಬೆಲೆಗೆ ಬಂದು ನಿಲ್ಲುತ್ತದೆ. ಈ ಮೊತ್ತ ಘಾತದ ನಿಯಮವನ್ನು ಪಾಲಿಸುತ್ತದೆ, ಅಂದರೆ x ಮತ್ತು y ಗಳ ಶ್ರೇಣಿಗಳನ್ನು ಗುಣಿಸಿದರೆ x + yಯ ಶ್ರೇಣಿ ಬರುತ್ತದೆ ಎಂಬುದಕ್ಕೆ ಬೇರೆಯೇ ಸಾಧನೆ ಇದೆ. ಅದನ್ನು ಇಲ್ಲಿ ಒಪ್ಪಿಕೊಂಡು ಮುಂದೆ ಹೋಗೋಣ.

ಲಾಗರಿದಮ್ ತೆಗೆದುಕೊಂಡು ಎರಡು ಸಾಲಿನಲ್ಲಿ ಮುಗಿಸುವ ಇನ್ನೊಂದು ಸಾಧನೆಯೂ ಉಂಟು. ಲಾಗರಿದಮ್ಮನ್ನು 1/t ರೇಖೆಯ ಕೆಳಗಿನ ವಿಸ್ತೀರ್ಣ ಎಂದು ಮೊದಲೇ ವ್ಯಾಖ್ಯಾನಿಸಿಕೊಂಡಿದ್ದರೆ ಅದರಲ್ಲಿ ದೋಷವಿಲ್ಲ. ಆದರೆ ಕೆಲವು ಪುಸ್ತಕಗಳಲ್ಲಿ ಲಾಗರಿದಮ್ಮಿನ ಅವಕಲನವನ್ನು ಕಂಡುಹಿಡಿಯಲು ಈ ಮಿತಿಯನ್ನೇ ಬಳಸಿರುತ್ತಾರೆ. ಆಮೇಲೆ ಆ ಅವಕಲನದಿಂದ ಈ ಮಿತಿಯನ್ನು ಸಾಧಿಸುತ್ತಾರೆ. ಅದು ಸಾಧಿಸಬೇಕಾದದ್ದನ್ನೇ ಊಹಿಸಿಕೊಂಡಂತೆ. ಓದುವಾಗ ವ್ಯಾಖ್ಯೆ ಎಲ್ಲಿಂದ ಶುರುವಾಗಿದೆ ಎಂದು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.

ಒಂದು ಚಿಕ್ಕ ಅಸಮತೆ

ಈಗ ಕಂದಕಕ್ಕೆ ಸೇತುವೆ. ನಮಗೆ ಬೇಕಾದದ್ದು p ಒಂದಕ್ಕಿಂತ ಎಷ್ಟು ಕಡಿಮೆ ಇರಬಹುದು ಎಂಬ ಅಂದಾಜು.

p ಅನ್ನು ಹೆಜ್ಜೆಹೆಜ್ಜೆಯಾಗಿ ಕಟ್ಟೋಣ. 1ರಿಂದ ಶುರು ಮಾಡಿ, (1 − 1/n)ರಿಂದ ಗುಣಿಸಿ. ಬೆಲೆ 1/n ಅಷ್ಟು ಇಳಿಯಿತು. ಆಮೇಲೆ (1 − 2/n)ರಿಂದ ಗುಣಿಸಿದರೆ, ಕೈಯಲ್ಲಿರುವ ಬೆಲೆಯ 2/n ಭಾಗ ಇಳಿಯುತ್ತದೆ. ಕೈಯಲ್ಲಿರುವುದು ಒಂದಕ್ಕಿಂತ ಹೆಚ್ಚಿಲ್ಲ, ಆದ್ದರಿಂದ ಇಳಿತವೂ 2/nಕ್ಕಿಂತ ಹೆಚ್ಚಿಲ್ಲ. ಹೀಗೆಯೇ ಮುಂದಿನ ಹೆಜ್ಜೆಯಲ್ಲಿ ಇಳಿತ 3/nಕ್ಕಿಂತ ಹೆಚ್ಚಿಲ್ಲ. ಕೊನೆಗೆ ಒಟ್ಟು ಇಳಿತ

1 − p ≤ (1 + 2 + … + (k−1))/n = k(k−1)/(2n)

k ಎಂಬುದು nಗಿಂತ ದೊಡ್ಡದಾದರೆ? ಆಗ ದ್ವಿಪದ ವಿಸ್ತರಣೆಯಲ್ಲಿ ಆ ಪದವೇ ಇಲ್ಲ, ಅಂದರೆ p = 0 ಎಂದುಕೊಳ್ಳಬಹುದು. ಎಡಗಡೆ 1 ಬರುತ್ತದೆ. ಬಲಗಡೆ k(k−1) ಕಡಿಮೆಯೆಂದರೂ (n+1)n ಇರುವುದರಿಂದ ಭಾಗಿಸಿದಾಗ (n+1)/2 ಅಥವಾ ಹೆಚ್ಚು. ಅದು ಒಂದಕ್ಕಿಂತ ಕಡಿಮೆಯಲ್ಲ. ಅಸಮತೆ ಅಲ್ಲಿಯೂ ನಿಲ್ಲುತ್ತದೆ. ಈ ಕಾರಣದಿಂದಲೇ ತುದಿಯ ಪದಗಳನ್ನು ಪ್ರತ್ಯೇಕವಾಗಿ ಸಂಭಾಳಿಸುವ ಗೋಜು ತಪ್ಪುತ್ತದೆ.

ಸಾಧನೆ

e^x ನಿಂದ (1 + x/n)^n ಕಳೆಯಿರಿ. ಪದಕ್ಕೆ ಪದ ಎದುರಿಟ್ಟರೆ k ನೆಯ ಜಾಗದಲ್ಲಿ ಉಳಿಯುವುದು (1 − p) x^k/k!. x ಋಣ ಸಂಖ್ಯೆಯಾಗಿದ್ದರೂ ತೊಂದರೆಯಾಗದಂತೆ ಅದರ ಚಿಹ್ನೆ ಬಿಟ್ಟು |x| ಎಂದು ಬರೆಯೋಣ. ಈಗಷ್ಟೇ ಪಡೆದ ಅಸಮತೆಯ ಪ್ರಕಾರ k ನೆಯ ಜಾಗದ ವ್ಯತ್ಯಾಸ ಇದಕ್ಕಿಂತ ಹೆಚ್ಚಿರದು:

(k(k−1)/(2n)) × |x|^k/k!

k! ಒಳಗೆ k ಮತ್ತು k−1 ಎರಡೂ ಇವೆ. ಅವು ಮೇಲಿನ k(k−1) ಜೊತೆ ಹೊಡೆದುಹೋಗಿ, ಕೆಳಗೆ (k−2)! ಉಳಿಯುತ್ತದೆ. x² ಅನ್ನು ಹೊರಗೆ ತೆಗೆದರೆ:

(x²/(2n)) × |x|^(k−2)/(k−2)!

k = 2ರಿಂದ ಮೇಲಕ್ಕೆ ಕೂಡಿ. (k = 0 ಮತ್ತು 1ರಲ್ಲಿ ವ್ಯತ್ಯಾಸವೇ ಇಲ್ಲ.) ಹೊರಗೆ x²/(2n), ಒಳಗೆ 1 + |x| + |x|²/2! + … ಎಂಬ ಅದೇ ಹಳೆಯ ಶ್ರೇಣಿ. ಅಂದರೆ:

| e^x − (1 + x/n)^n | ≤ x² e^|x| / (2n)

ಇಷ್ಟೇ. x ಅನ್ನು ನಿಲ್ಲಿಸಿ n ಅನ್ನು ಹೆಚ್ಚಿಸಿದರೆ ಬಲಗಡೆ ಸೊನ್ನೆಗೆ ಹೋಗುತ್ತದೆ, ಎಡಗಡೆಯೂ ಜೊತೆಗೇ ಹೋಗಬೇಕು. ಎಲ್ಲಿಯೂ ಅನಂತ ಸಂಖ್ಯೆ ಬಳಸಿಲ್ಲ, ಯಾವ ಪದವನ್ನೂ ಕೈಬಿಟ್ಟಿಲ್ಲ. x ಸಂಮಿಶ್ರ ಸಂಖ್ಯೆಯಾಗಿದ್ದರೂ x² ಜಾಗದಲ್ಲಿ |x|² ಬರೆದರೆ ಇದೇ ಸಾಧನೆ ಅಕ್ಷರಶಃ ನಡೆಯುತ್ತದೆ. ಲಾಗರಿದಮ್ಮಿನ ದಾರಿಗೆ ಅಲ್ಲಿ ಇನ್ನಷ್ಟು ಸಿದ್ಧತೆ ಬೇಕು.

ತೊಂಬತ್ತೈದು ಪೈಸೆ

ಈ ಅಸಮತೆ ಎಷ್ಟು ನಿಖರ ಎಂದು ಮೊದಲಿನ ಒಂದು ಲಕ್ಷದ ಠೇವಣಿಯಲ್ಲೇ ನೋಡಬಹುದು. x = 0.08, n = 365. x² ಅಂದರೆ 0.0064. e^0.08 ಅಂದರೆ 1.083287. ಗುಣಿಸಿ 730ರಿಂದ ಭಾಗಿಸಿದರೆ ಸುಮಾರು 0.0000095. ಒಂದು ಲಕ್ಷಕ್ಕೆ 95 ಪೈಸೆ. ದಿನಾ ಬಡ್ಡಿ ಸೇರಿಸುವ ಬ್ಯಾಂಕಿಗೂ ಕ್ಷಣಕ್ಷಣಕ್ಕೂ ಸೇರಿಸುವ ಕಾಲ್ಪನಿಕ ಬ್ಯಾಂಕಿಗೂ ವರ್ಷಕ್ಕೆ ಇದಕ್ಕಿಂತ ಹೆಚ್ಚು ವ್ಯತ್ಯಾಸ ಬರಲಾರದು ಎಂದು ಸಾಧನೆ ಹೇಳುತ್ತದೆ. ನಿಜವಾದ ವ್ಯತ್ಯಾಸ, ಆರಂಭದಲ್ಲಿ ಕೊಟ್ಟ ಎರಡು ಮೊತ್ತಗಳನ್ನು ಕಳೆದು ನೋಡಿ, ಅದೂ 95 ಪೈಸೆಯೇ.

x ಧನ ಸಂಖ್ಯೆಯಾಗಿದ್ದು n ಸಾಕಷ್ಟು ದೊಡ್ಡದಿದ್ದಾಗ ಅಂದಾಜು ಹೀಗೆ ನಿಜಕ್ಕೆ ಅಂಟಿಕೊಂಡಿರುತ್ತದೆ. ಋಣ ಸಂಖ್ಯೆಗಳಲ್ಲಿ ಅದು ಸಡಿಲ. ನೂರಕ್ಕೆ ಒಂದು ಗೆಲ್ಲುವ ಅವಕಾಶವಿರುವ ಚೀಟಿಯನ್ನು ನೂರು ಸಲ ಎತ್ತಿ, ಪ್ರತಿ ಸಲವೂ ಸೋಲುವ ಸಂಭವನೀಯತೆ 0.99ರ ನೂರನೆಯ ಘಾತ, ಅಂದರೆ 0.3660. ಇಲ್ಲಿ x = −1. ಮಿತಿ 0.3679. ವ್ಯತ್ಯಾಸ 0.0018 ಇದ್ದರೆ ಅಸಮತೆ 0.0136ರವರೆಗೆ ಅವಕಾಶ ಕೊಡುತ್ತದೆ. ತಪ್ಪಲ್ಲ, ಬಿಗಿಯಾಗಿಲ್ಲ ಅಷ್ಟೆ.

x = −10 ಆದರೆ ಆರಂಭದ ಬೆಲೆಗಳು ದಾರಿ ತಪ್ಪಿದಂತೆ ಕಾಣುತ್ತವೆ. n = 2ಕ್ಕೆ 16, n = 3ಕ್ಕೆ ಸುಮಾರು −12.7, n = 10ಕ್ಕೆ ಸರಿಯಾಗಿ 0. ಮಿತಿಯೋ 0.000045. ನಾಲ್ಕಾರು ಬೆಲೆ ಹಾಕಿ ನೋಡಿ ಇದು ಎಲ್ಲಿಗೂ ಹೋಗುತ್ತಿಲ್ಲ ಎಂದು ತೀರ್ಮಾನಿಸಿದರೆ ಮೋಸ ಹೋಗುತ್ತೇವೆ. n ಹತ್ತನ್ನು ದಾಟಿದ ಮೇಲೆಯೇ ಆವರಣ ಧನವಾಗಿ, ಬೆಲೆ ಸಾವಕಾಶವಾಗಿ ಮಿತಿಯತ್ತ ಏರತೊಡಗುತ್ತದೆ. n = 100ಕ್ಕೆ 0.0000266.

ಕಂಪ್ಯೂಟರ್ ಬೇರೆ ಹೇಳಿದಾಗ

ಬೆಲೆ ಹಾಕಿ ನೋಡುವುದಕ್ಕೆ ಇನ್ನೊಂದು ತೊಡಕಿದೆ. ಮನೆಯ ಕಂಪ್ಯೂಟರಿನಲ್ಲಿ ಪೈಥಾನ್ ಇದ್ದರೆ ಇದನ್ನು ಓಡಿಸಿ:

```python
for m in (6, 15, 16):
    n = 10.0**m
    print((1 + 1/n)**n)
```

ಮೊದಲ ಉತ್ತರ 2.71828047ರ ಆಸುಪಾಸು. ಎರಡನೆಯದು 3.035. ಮೂರನೆಯದು 1. n ದೊಡ್ಡದಾದಷ್ಟೂ eಗೆ ಹತ್ತಿರ ಬರಬೇಕಾದದ್ದು ದೂರ ಓಡಿದೆ.

ಇಲ್ಲಿ ತಪ್ಪಿದ್ದು ಯಾರು? ನಮ್ಮ ಅಸಮತೆಯನ್ನೇ ಕೇಳಿ. n ಹತ್ತರ ಹದಿನೈದನೆಯ ಘಾತವಾದಾಗ eಯಿಂದ ದೂರ ಹೆಚ್ಚೆಂದರೆ e/(2n), ಅಂದರೆ ದಶಮಾಂಶದ ನಂತರ ಹದಿನಾಲ್ಕು ಸೊನ್ನೆಗಳಾದ ಮೇಲೆ ಬರುವ ಅಂಕಿ. 3.035 ಬರಲು ಸಾಧ್ಯವೇ ಇಲ್ಲ. ಆದ್ದರಿಂದ ದೋಷ ಯಂತ್ರದ್ದು. ಅದು ಸಂಖ್ಯೆಗಳನ್ನು ಸುಮಾರು ಹದಿನಾರು ಅಂಕಿಗಳಲ್ಲಿ ಹಿಡಿದಿಡುತ್ತದೆ. 1ಕ್ಕೆ ಅತಿ ಚಿಕ್ಕ ಭಿನ್ನರಾಶಿ ಕೂಡಿದಾಗ ಅದರ ಬಹುಭಾಗ ದುಂಡಾಗಿಸುವುದರಲ್ಲಿ ಕೆಡುತ್ತದೆ. ಆ ಸಣ್ಣ ತಪ್ಪು ಮೇಲಿನ ಭಾರಿ ಘಾತದಿಂದ ದೊಡ್ಡದಾಗುತ್ತದೆ. ಮೂರನೆಯ ಸಲ ಭಿನ್ನರಾಶಿ ಪೂರ್ತಿ ಅಳಿಸಿಹೋಗಿ 1 ಮಾತ್ರ ಉಳಿದಿದೆ. ಮೊದಲು ಹೇಳಿದ "ಉತ್ತರ ಒಂದೇ ಅಲ್ಲವೆ" ಎಂಬ ತಪ್ಪನ್ನೇ ಯಂತ್ರವೂ ಮಾಡಿದೆ. ಪೈಥಾನ್‌ನಲ್ಲಿ ಇದಕ್ಕೆ `math.exp(n * math.log1p(x/n))` ಎಂಬ ಪರಿಹಾರವಿದೆ. `log1p` 1ನ್ನು ಕೂಡುವ ಕೆಲಸವನ್ನು ಅಂಕಿ ಕಳೆಯದಂತೆ ಒಳಗೇ ನಿಭಾಯಿಸುತ್ತದೆ.

ಪಿಯುಸಿ ಮತ್ತು ಪದವಿ ತರಗತಿಗಳಲ್ಲಿ ಪಾಠ ಮಾಡುವವರಲ್ಲಿ ನನ್ನ ಕೋರಿಕೆ ಇದು. ಈ ಸಾಧನೆಗೆ ಬೇಕಾದದ್ದು ದ್ವಿಪದ ಪ್ರಮೇಯ, 1ರಿಂದ k−1ರವರೆಗಿನ ಮೊತ್ತದ ಸೂತ್ರ ಮತ್ತು ಒಂದು ಸುಲಭ ಅಸಮತೆ. ಅರ್ಧ ಹಲಗೆಯಲ್ಲಿ ಮುಗಿಯುತ್ತದೆ. "ಪ್ರತಿ ಪದವೂ ಮಿತಿಗೆ ಹೋಗುತ್ತದೆ" ಎಂದು ದಾಟಿಸಿಬಿಡುವ ಬದಲು ಇದನ್ನು ಬರೆದು ತೋರಿಸಿ. ಮನೆಯಲ್ಲಿ ಓದುತ್ತಿರುವವರು x = 2, n = 1000 ಇಟ್ಟು ಪರೀಕ್ಷಿಸಬಹುದು: 1.002ರ ಸಾವಿರದ ಘಾತ 7.3743, e² ಅಂದರೆ 7.3891, ನಡುವಿನ ಅಂತರ 0.0147, ಅಸಮತೆ ಕೊಡುವ ಗರಿಷ್ಠ ಅಂತರ 0.0148.